ಬಿಸಿಯನ್ನು ಶಪಿಸುವ ಮುನ್ನ ಸಕ್ಕರೆಯ ಸಾಲನ್ನು ಓದೋಣ



ಕಳೆದ ಬೇಸಿಗೆಯ ವನಭೋಜನದಲ್ಲಿ ಮಕ್ಕಳ ಓಟದ ಸ್ಪರ್ಧೆ ಮುಗಿದೊಡನೆ ಮಂಜುಗಡ್ಡೆಯ ಪೆಟ್ಟಿಗೆಯಿಂದ ಹೊರಬಂದವು, ಗಂಜಿಯ ತುಣುಕುಗಳು ತೇಲುವ ಎಳನೀರಿನ ಡಬ್ಬಿಗಳು. "ಸೋಡಾ ಬೇಡ, ಎಳನೀರು ಕುಡಿಯಿರಿ" ಎಂದು ಅವನ್ನು ಹಂಚಿದವರಲ್ಲಿ ನಾನೂ ಒಬ್ಬ. ಉಳಿದ ಒಂದು ಡಬ್ಬಿಯನ್ನು ಮನೆಗೆ ತಂದು ಅದರ ಬೆನ್ನಿನ ಮೇಲಿದ್ದುದನ್ನು ಓದಿದಾಗ ವೈದ್ಯಶಾಸ್ತ್ರ ಕಲಿತವನಾಗಿ ನನಗೆ ನಾಚಿಕೆಯಾಯಿತು. ಅದೇ ದಿನ ಮರದ ನೆರಳಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು, ಕಾಗದದ ಪೆಟ್ಟಿಗೆಯಲ್ಲಿ ಬರುವ ಎಳನೀರನ್ನು "ಕುದಿಸಿ ಕೊಂದ ನೀರು" ಎಂದು ತಿರಸ್ಕರಿಸಿದ್ದರು. ಅಲ್ಲಿದ್ದ ಎಲ್ಲರೂ ತಲೆಯಾಡಿಸಿದ್ದೆವು. ನಾವು ಅಂಜಬೇಕಾದುದಕ್ಕೆ ಅಂಜದೆ, ಅಂಜಬೇಕಿಲ್ಲದುದಕ್ಕೆ ಅಂಜುತ್ತಿದ್ದೇವೆ ಎಂಬುದೇ ಈ ಬರಹದ ತಕರಾರು.

ಮರುವಾರ ನಾರ್‌ಕ್ರಾಸ್‌ನ ಜಿಮ್ಮಿ ಕಾರ್ಟರ್ ಬುಲೆವಾರ್ಡ್‌ನ ಅಂಗಡಿಯೊಂದರಿಂದ ಇನ್ನೆರಡು ಬಗೆಯ ಎಳನೀರನ್ನು ತಂದೆ. ಒಂದು, ಬೇರೇನನ್ನೂ ಬೆರೆಸದ ಎಳನೀರಿನ ಕಾಗದದ ಪೆಟ್ಟಿಗೆ. ಇನ್ನೊಂದು, ಹಸಿರು ಸಿಪ್ಪೆ ಕೆತ್ತಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಬಿಳಿಯ ಎಳಗಾಯಿ. ವನಭೋಜನದ ಡಬ್ಬಿಯೊಡನೆ ಮೂರನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟೆ.

ಮೊದಲು ಡಬ್ಬಿ. 520 ಮಿಲಿಲೀಟರಿನ ಅದರ ಪದಾರ್ಥಗಳ ಪಟ್ಟಿಯಲ್ಲಿ ಕ್ರಮವಾಗಿ ಇದ್ದುದು ಎಳನೀರು, ನೀರು, ಸಕ್ಕರೆ, ಗಂಜಿಯ ತುಣುಕು, ಸೋಡಿಯಂ ಮೆಟಾಬೈಸಲ್ಫೈಟ್. ಈ ದೇಶದ ನಿಯಮದಂತೆ ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು ಬರಬೇಕು. ಅಂದರೆ ಕಣ್ಣಿಗೆ ಕಾಣುವ ಗಂಜಿಗಿಂತ ಕಾಣದ ಸಕ್ಕರೆಯೇ ಅಧಿಕ. ಒಟ್ಟು ಸಕ್ಕರೆ 36 ಗ್ರಾಂ, ಅದರಲ್ಲಿ ಹೊರಗಿನಿಂದ ಸೇರಿಸಿದ್ದು 24 ಗ್ರಾಂ. ಒಂದು ಚಹಾ ಚಮಚಕ್ಕೆ 4 ಗ್ರಾಂ ಎಂದು ಹಿಡಿದರೆ ಆರು ಚಮಚ. ಎರಡರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ ಮೀರಬಾರದೆಂಬುದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಸಲಹೆ. ಹತ್ತು ವರ್ಷದ ಮಗುವಿಗೆ ಇಡೀ ದಿನದ ಪಾಲನ್ನು ನಾವು ಒಂದೇ ಡಬ್ಬಿಯಲ್ಲಿ ಕುಡಿಸಿದ್ದೆವು. ನಾವು ಬೇಡವೆಂದ ಕೋಲಾದ ಸಾಮಾನ್ಯ ಡಬ್ಬಿಯಲ್ಲಿ ಇರುವುದು 39 ಗ್ರಾಂ ಸಕ್ಕರೆ. ವ್ಯತ್ಯಾಸ ಮುಕ್ಕಾಲು ಚಮಚದಷ್ಟು!

ಸೇರಿಸಿದ ಸಕ್ಕರೆಯನ್ನು, ಅಂದರೆ 'ಆಡೆಡ್ ಶುಗರ್ಸ್' ಎಂಬ ಸಾಲನ್ನು, ಬೇರೆಯಾಗಿ ಮುದ್ರಿಸುವುದು ದೊಡ್ಡ ತಯಾರಕರಿಗೆ ಕಡ್ಡಾಯವಾದದ್ದು 2020ರಿಂದ. ಅದಕ್ಕೂ ಮುನ್ನ ಕಾಯಿಯ ಸಕ್ಕರೆಯೂ ಚೀಲದ ಸಕ್ಕರೆಯೂ ಒಂದೇ ಅಂಕಿಯಲ್ಲಿ ಬೆರೆತಿರುತ್ತಿದ್ದವು. ಇಂದು ಆ ನೆಪ ನಮಗಿಲ್ಲ.

ಎರಡನೆಯದು ಪೆಟ್ಟಿಗೆ. 330 ಮಿಲಿಲೀಟರು, ಪದಾರ್ಥ ಒಂದೇ: ಎಳನೀರು. ಸಕ್ಕರೆ 13 ಗ್ರಾಂ, ಸೇರಿಸಿದ್ದು ಸೊನ್ನೆ. ಇದರ ಮೇಲಿರುವ ಆಪಾದನೆ ಪಾಶ್ಚರೀಕರಣದ್ದು. ಈ ಬಗೆಯ ಪೆಟ್ಟಿಗೆಗಳಿಗೆ ತುಂಬುವ ಮುನ್ನ ಎಳನೀರನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಲವೇ ಸೆಕೆಂಡುಗಳ ಕಾಲ ಕಾಯಿಸಿ, ಕೂಡಲೇ ತಣಿಸುತ್ತಾರೆ. ಇದರಿಂದ ಪರಿಮಳ ಕುಂದುತ್ತದೆ, ಸಿ ಜೀವಸತ್ವ ಸ್ವಲ್ಪ ನಷ್ಟವಾಗುತ್ತದೆ. ಇದನ್ನು ಒಪ್ಪುತ್ತೇನೆ. ಆದರೆ ನಾವು ಎಳನೀರನ್ನು ಹೊಗಳುವುದು ಯಾವುದಕ್ಕಾಗಿಯೋ ಆ ಪೊಟ್ಯಾಸಿಯಂ ಒಂದು ಲವಣ. ಅದು ಬಿಸಿಗೆ ಸಾಯುವುದಿಲ್ಲ.

ಸಾಯುವುದು ಸೂಕ್ಷ್ಮಜೀವಿಗಳು. ಕಾಯಿಯೊಳಗೆ ಮುಚ್ಚಿಕೊಂಡಿರುವಷ್ಟು ಹೊತ್ತು ಎಳನೀರು ಶುದ್ಧ. ಕತ್ತಿ ತಾಗಿ, ಪಾತ್ರೆಗೆ ಸುರಿದ ಕ್ಷಣದಿಂದ ಅದು ಬೇರೆಯದೇ ಆಹಾರ. ಸಕ್ಕರೆಯುಳ್ಳ, ಹುಳಿ ಕಡಿಮೆಯಿರುವ ಆ ದ್ರವದಲ್ಲಿ ಬ್ಯಾಕ್ಟೀರಿಯಾಗಳು ಸಲೀಸಾಗಿ ಬೆಳೆಯುತ್ತವೆ. 2024ರ ಏಪ್ರಿಲ್‌ನಲ್ಲಿ ಮಂಗಳೂರಿನ ಹೊರವಲಯದ ಅಡ್ಯಾರಿನಲ್ಲಿ, ಘಟಕವೊಂದು ಮಾರಿದ ಬೊಂಡದ ನೀರನ್ನು ಕುಡಿದ ನೂರಕ್ಕೂ ಹೆಚ್ಚು ಮಂದಿ ವಾಂತಿ-ಭೇದಿಯಿಂದ ಬಳಲಿದರು. ತೆಂಗಿನ ನಾಡಿನಲ್ಲೇ ಹೀಗಾಯಿತು. ನಮ್ಮ ಜಾರ್ಜಿಯಾದಲ್ಲಿಯೂ ಪಾಠವೊಂದಿದೆ. ಹುಳಿ ಕಡಿಮೆಯಿರುವ ಇನ್ನೊಂದು ಪಾನೀಯವಾದ ಬಾಟಲಿಯ ಕ್ಯಾರೆಟ್ ರಸವು ತಂಪಿನಲ್ಲಿ ಉಳಿಯದೆ, 2006ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ಮೂವರು ಬೊಟುಲಿಸಮ್ಮಿಗೆ ತುತ್ತಾದರು. ಆದ್ದರಿಂದ ಬಾಟಲಿಯ ಮೇಲೆ 'ರಾ' ಎಂದಿದ್ದರೆ ಅದನ್ನು ಪ್ರಶಂಸೆಯೆಂದು ಓದಬೇಡಿ. ಅಂಗಡಿಯಿಂದ ಮನೆಯವರೆಗೂ ತಂಪಾಗಿಯೇ ಇಡಬೇಕೆಂಬ ಎಚ್ಚರಿಕೆಯೆಂದು ಓದಿ. ಬಿಸಿಯ ಬದಲು ಅಧಿಕ ಒತ್ತಡದಿಂದ ಸಂಸ್ಕರಿಸಿದ ಬಾಟಲಿಗಳಿಗೂ ಈ ಮಾತು ಸಲ್ಲುತ್ತದೆ. ಆ ಒತ್ತಡ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆಯಾದರೂ ಬೊಟುಲಿಸಮ್ಮಿಗೆ ಮೂಲವಾದ ಬೀಜಕಣಗಳನ್ನು ಕೊಲ್ಲಲಾರದು. ಬೇಸಿಗೆಯ ಕಾರಿನ ಡಿಕ್ಕಿಯಲ್ಲಿ ಎರಡು ಗಂಟೆ ಬಿದ್ದಿದ್ದ ಅಂತಹ ಬಾಟಲಿಯನ್ನು ನಾನು ಮಗುವಿಗೆ ಕೊಡಲಾರೆ.

ಮೂರನೆಯದು, ನಾವೆಲ್ಲ 'ತಾಜಾ' ಎಂದು ನಂಬುವ ಬಿಳಿಯ ಎಳಗಾಯಿ. ಮದ್ದೂರಿನ ಹೆದ್ದಾರಿಯ ಬದಿಯಲ್ಲಿ ಗೊನೆಯಿಂದ ಬಿಡಿಸಿ ಕಣ್ಣೆದುರೇ ಕೊಚ್ಚಿಕೊಟ್ಟ ಕಾಯಿಗೆ ಸಾಟಿ ಯಾವುದೂ ಇಲ್ಲ. ಆದರೆ ನಮ್ಮ ಅಂಗಡಿಯಲ್ಲಿರುವುದು ಆ ಕಾಯಿಯಲ್ಲ. ಇದು ಬಹುಪಾಲು ಥಾಯ್ಲೆಂಡಿನಿಂದ ಹಡಗಿನಲ್ಲಿ ಬಂದದ್ದು. ಸಿಪ್ಪೆ ಕೆತ್ತಿದ ಎಳಗಾಯಿ ಗಾಳಿಗೆ ಬೇಗ ಕಂದುಬಣ್ಣಕ್ಕೆ ತಿರುಗುತ್ತದೆ. ಅದು ವಾರಗಟ್ಟಲೆ ಬೆಳ್ಳಗೆ ಉಳಿಯಲೆಂದು ಸಾಮಾನ್ಯವಾಗಿ ಸೋಡಿಯಂ ಮೆಟಾಬೈಸಲ್ಫೈಟಿನ ದ್ರಾವಣದಲ್ಲಿ ಅದ್ದುತ್ತಾರೆ. ಡಬ್ಬಿಯ ಪಟ್ಟಿಯ ಕೊನೆಯಲ್ಲಿದ್ದ ಅದೇ ಸಂರಕ್ಷಕವಿದು! ಹೆಚ್ಚಿನವರಿಗೆ ಇದರಿಂದ ತೊಂದರೆಯಿಲ್ಲ. ಆಸ್ತಮಾ ಇರುವ ಕೆಲವರಲ್ಲಿ ಮಾತ್ರ ಸಲ್ಫೈಟುಗಳು ಉಬ್ಬಸವನ್ನು ಕೆರಳಿಸುತ್ತವೆ. ಆಹಾರದಲ್ಲಿ ಅವು ಹತ್ತು ಲಕ್ಷಕ್ಕೆ 10 ಭಾಗ ಅಥವಾ ಹೆಚ್ಚಿದ್ದರೆ ಚೀಟಿಯಲ್ಲಿ ನಮೂದಿಸಲೇಬೇಕೆಂಬ ನಿಯಮ ಇರುವುದೂ ಇದಕ್ಕಾಗಿಯೇ. ಅಂತಹ ಮಕ್ಕಳಿರುವ ಮನೆಯವರು 'ಸಲ್ಫೈಟ್' ಎಂಬ ಪದವನ್ನು ಕಾಯಿಯ ಹೊದಿಕೆಯ ಮೇಲೂ ಹುಡುಕಬೇಕು, ಕಾಯಿಯನ್ನು ಕೊಚ್ಚುವ ಮುನ್ನ ಚೆನ್ನಾಗಿ ತೊಳೆಯಬೇಕು. ಪೆಟ್ಟಿಗೆಯ ಮೇಲೆ ಕೆಲವೊಮ್ಮೆ ಕಾಣುವ ಆಸ್ಕಾರ್ಬಿಕ್ ಆಮ್ಲಕ್ಕೆ ಹೆದರಬೇಕಿಲ್ಲ. ಅದು ಸಿ ಜೀವಸತ್ವವೇ.

"ಹಾಗಾದರೆ ಪೆಟ್ಟಿಗೆಯನ್ನೇ ಅಮೃತವೆನ್ನುತ್ತೀರಾ?" ಎಂದು ಕೇಳುವಿರಿ. ಇಲ್ಲ. ಸೇರಿಸಿದ ಸಕ್ಕರೆ ಸೊನ್ನೆ ಎಂದ ಮಾತ್ರಕ್ಕೆ ಸಕ್ಕರೆಯೇ ಸೊನ್ನೆಯಲ್ಲ. ಪೆಟ್ಟಿಗೆಯಲ್ಲಾಗಲಿ ಕಾಯಿಯಲ್ಲಾಗಲಿ, 100 ಮಿಲಿಲೀಟರು ಎಳನೀರಿನಲ್ಲಿ ಸುಮಾರು 4ರಿಂದ 5 ಗ್ರಾಂ ಸಕ್ಕರೆ ಸಹಜವಾಗಿಯೇ ಇರುತ್ತದೆ. ಊರಿನಿಂದ ಬಂದ ಮಧುಮೇಹಿ ತಂದೆ-ತಾಯಿಯರಿಗೆ ಅದನ್ನು ಲೆಕ್ಕಕ್ಕೆ ಹಿಡಿದೇ ಕೊಡಬೇಕು. ಮೂತ್ರಪಿಂಡದ ಕಾಯಿಲೆ ಇರುವವರು ಪೊಟ್ಯಾಸಿಯಂ ಕಾರಣದಿಂದ ತಮ್ಮ ವೈದ್ಯರನ್ನು ಕೇಳದೆ ಯಾವ ಎಳನೀರನ್ನೂ ಕುಡಿಯಬಾರದು. ರುಚಿಯ ವಾದದಲ್ಲಂತೂ ಆ ಹಿರಿಯರೇ ಗೆದ್ದರು, ನಾನು ಸೋತೆ. ಆದರೆ ವಾದ ಆರೋಗ್ಯದ್ದಾದರೆ ತಪ್ಪಿತಸ್ಥ ಬಿಸಿಯಲ್ಲ, ಸಕ್ಕರೆ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ನನ್ನ ಬೇಡಿಕೆ ಒಂದೇ. ಮುಂದಿನ ವನಭೋಜನದ ಖರೀದಿಯ ಪಟ್ಟಿಯಲ್ಲಿ 'ಎಳನೀರು' ಎಂಬುದರ ಮುಂದೆ ಈ ಷರತ್ತನ್ನು ಬರೆಯಿರಿ: ಪದಾರ್ಥ ಎಳನೀರು ಮಾತ್ರ, ಸೇರಿಸಿದ ಸಕ್ಕರೆ 0. ಮಿಕ್ಕ ಡಬ್ಬಿಗಳನ್ನೂ ತರುವುದಿದ್ದರೆ ತನ್ನಿ, ಆದರೆ ಸೋಡಾದ ಪೆಟ್ಟಿಗೆಯಲ್ಲಿಡಿ. ಮಕ್ಕಳ ಕೈಗೆ ಕೊಡುವಾಗ ಅದನ್ನು ಷರಬತ್ತು ಎಂದೇ ಕರೆಯೋಣ. ನಮ್ಮ ಊರಿನ ಎಳನೀರಿನ ಹೆಸರನ್ನು ಅದಕ್ಕೆ ಕೊಡುವುದು ಬೇಡ.