ಸಾಮಾನ್ಯ ಜ್ಞಾನ ಪರೀಕ್ಷೆ: ಸೂರ್ಯನ ವೇಳೆಯೂ ಗಡಿಯಾರದ ವೇಳೆಯೂ

ಸರ್ಕಾರಿ ಕೆಲಸದ ನೇಮಕಾತಿ ಪರೀಕ್ಷೆಗೆ ಓದುವವರು ಹೆಚ್ಚು ಶ್ರಮಪಟ್ಟು ಬಾಯಿಪಾಠ ಮಾಡುವುದು ಮಂತ್ರಿಗಳ ಹೆಸರು, ಪ್ರಶಸ್ತಿ ಪಡೆದವರ ಹೆಸರು, ಆಟಗಾರರ ಹೆಸರು. ಮುಂದಿನ ವರ್ಷದ ಪರೀಕ್ಷೆಯ ಹೊತ್ತಿಗೆ ಆ ಪಟ್ಟಿಯಲ್ಲಿ ಅರ್ಧ ಹಳಸಿರುತ್ತದೆ. ಭೂಮಿ ಸುತ್ತುವ ವೇಗವಾಗಲಿ, ಊರುಗಳು ನಕ್ಷೆಯಲ್ಲಿರುವ ಸ್ಥಾನವಾಗಲಿ ಹಾಗೆ ಬದಲಾಗುವುದಿಲ್ಲ. ಈ ವಾರದ ಏಳು ಪ್ರಶ್ನೆಗಳೂ ಅಕ್ಷಾಂಶ, ರೇಖಾಂಶ ಮತ್ತು ವೇಳೆಗೆ ಸಂಬಂಧಿಸಿದವು. ಇವುಗಳಲ್ಲಿ ಒಂದರ ಉತ್ತರ ಮಾತ್ರ ಸ್ಥಿರವಾದಂತೆ ತೋರಿದರೂ ಸ್ಥಿರವಲ್ಲ. ಅದು ಯಾವುದೆಂಬುದನ್ನು ಕಂಡುಹಿಡಿಯುವುದೂ ಪರೀಕ್ಷೆಯ ಒಂದು ಭಾಗವೇ.

ವಾಚಕರು ತಮ್ಮ ಉತ್ತರಗಳನ್ನು ಒಂದು ಚೀಟಿಯ ಮೇಲೆ ಬರೆದುಕೊಂಡ ಅನಂತರವೇ ಕೆಳಗಿನ ವಿವರಣೆಗಳನ್ನು ನೋಡಬೇಕು. ಕಾಲಾವಕಾಶ ಏಳು ನಿಮಿಷ. ಸರಿಯಾದ ಉತ್ತರಕ್ಕೆ ಒಂದು ಅಂಕ. ತಪ್ಪು ಉತ್ತರಕ್ಕೆ ಕಾಲು ಅಂಕದ ಕಡಿತ. ಬಿಟ್ಟ ಪ್ರಶ್ನೆಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಪ್ರಶ್ನೆಗಳು

1. ಭೂಮಿಯು ತನ್ನ ಅಕ್ಷದ ಮೇಲೆ ಒಂದು ಡಿಗ್ರಿ ರೇಖಾಂಶದಷ್ಟು ತಿರುಗಲು ಬೇಕಾಗುವ ಕಾಲ:
(ಅ) 1 ನಿಮಿಷ (ಆ) 4 ನಿಮಿಷ (ಇ) 15 ನಿಮಿಷ (ಈ) 60 ನಿಮಿಷ

2. ಗ್ರೀನ್‌ವಿಚ್ ವೇಳೆಯಂತೆ ಮಧ್ಯಾಹ್ನ 12 ಗಂಟೆಯಾದಾಗ ಭಾರತದ ಆದರ್ಶ ವೇಳೆ:
(ಅ) ಬೆಳಗ್ಗೆ 6-30 (ಆ) ಸಂಜೆ 4-30 (ಇ) ಸಂಜೆ 5-30 (ಈ) ಸಂಜೆ 6-30

3. ಬೆಂಗಳೂರಿನ ರೇಖಾಂಶ ಸುಮಾರು 77½ ಡಿಗ್ರಿ ಪೂರ್ವ. ಅಲ್ಲಿ ಸರಾಸರಿ ಲೆಕ್ಕದಲ್ಲಿ ಸೂರ್ಯನು ಮಧ್ಯಾಹ್ನ ರೇಖೆಗೆ ಬರುವಾಗ ಗೋಡೆಯ ಗಡಿಯಾರ ತೋರಿಸುವ ವೇಳೆ:
(ಅ) 11-40 (ಆ) 12-00 (ಇ) 12-20 (ಈ) 12-40

4. ವರ್ಷದ ಯಾವ ದಿನದಲ್ಲಿಯೂ ಸೂರ್ಯನು ನೇರವಾಗಿ ನೆತ್ತಿಯ ಮೇಲೆ ಬಾರದ ನಗರ:
(ಅ) ಬೆಂಗಳೂರು (ಆ) ನಾಗಪುರ (ಇ) ಕೋಲ್ಕತ್ತ (ಈ) ದೆಹಲಿ

5. ಬೆಂಗಳೂರಿನಲ್ಲಿ ನಿಂತು ನೋಡುವವನಿಗೆ ಧ್ರುವ ನಕ್ಷತ್ರವು ದಿಗಂತದಿಂದ ಇರುವ ಎತ್ತರ ಸುಮಾರು:
(ಅ) 13 ಡಿಗ್ರಿ (ಆ) 45 ಡಿಗ್ರಿ (ಇ) 77 ಡಿಗ್ರಿ (ಈ) 90 ಡಿಗ್ರಿ

6. ಭಾರತದ ಭೂಪ್ರದೇಶದ ಅತ್ಯಂತ ದಕ್ಷಿಣದ ತುದಿ:
(ಅ) ಕನ್ಯಾಕುಮಾರಿ (ಆ) ರಾಮೇಶ್ವರ (ಇ) ಪೋರ್ಟ್‌ಬ್ಲೇರ್ (ಈ) ಇಂದಿರಾ ಪಾಯಿಂಟ್

7. ಕರ್ಕಾಟಕ ಸಂಕ್ರಾಂತಿ ವೃತ್ತವು ಹಾದುಹೋಗುವ ಭಾರತದ ರಾಜ್ಯಗಳ ಸಂಖ್ಯೆ:
(ಅ) ಆರು (ಆ) ಏಳು (ಇ) ಎಂಟು (ಈ) ಒಂಬತ್ತು

ಉತ್ತರಗಳೂ ವಿವರಣೆಗಳೂ

1. ಸರಿಯಾದ ಉತ್ತರ (ಆ), 4 ನಿಮಿಷ. ಸೂರ್ಯನನ್ನು ಲೆಕ್ಕಕ್ಕೆ ಹಿಡಿದರೆ ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ. ಎಂದರೆ ಗಂಟೆಗೆ 15 ಡಿಗ್ರಿ. ಒಂದು ಡಿಗ್ರಿಗೆ 4 ನಿಮಿಷ. ಅವಸರದಲ್ಲಿ ಓದಿದವರಿಗೆ 15 ಎಂಬ ಅಂಕಿ ನೆನಪಿದ್ದು, ಅದು ಡಿಗ್ರಿಯೋ ನಿಮಿಷವೋ ಎಂಬುದು ಮರೆತಿರುತ್ತದೆ. (ಇ) ಎಂಬ ಉತ್ತರವನ್ನು ಇಟ್ಟಿರುವುದು ಅವರಿಗಾಗಿಯೇ. ಭಾರತದ ಪಶ್ಚಿಮದ ತುದಿಗೂ ಪೂರ್ವದ ತುದಿಗೂ ನಡುವೆ 29 ಡಿಗ್ರಿಗಿಂತ ತುಸು ಹೆಚ್ಚು ಅಂತರವಿದೆ. ಅದನ್ನು ನಾಲ್ಕರಿಂದ ಗುಣಿಸಿದರೆ ಸುಮಾರು 117 ನಿಮಿಷ. ಅರುಣಾಚಲದ ಸೂರ್ಯನಿಗೂ ಗುಜರಾತಿನ ಸೂರ್ಯನಿಗೂ ಸುಮಾರು ಎರಡು ಗಂಟೆಯ ವ್ಯತ್ಯಾಸ ಎನ್ನುವುದು ಈ ಗುಣಾಕಾರದಿಂದಲೇ ಬಂದದ್ದು.

2. ಸರಿಯಾದ ಉತ್ತರ (ಇ), ಸಂಜೆ 5-30. ಇಷ್ಟು ಅಗಲದ ದೇಶಕ್ಕೆ ಒಂದೇ ವೇಳೆ ಬೇಕೆಂದರೆ ಯಾವುದಾದರೂ ಒಂದು ರೇಖಾಂಶವನ್ನು ಆರಿಸಿಕೊಳ್ಳಬೇಕು. ಉತ್ತರ ಪ್ರದೇಶದ ಮಿರ್ಜಾಪುರದ ಸಮೀಪ ಹಾದುಹೋಗುವ 82½ ಡಿಗ್ರಿ ಪೂರ್ವ ರೇಖಾಂಶವನ್ನು ಭಾರತ ಆಧಾರವಾಗಿ ಇಟ್ಟುಕೊಂಡಿದೆ. 82½ನ್ನು ನಾಲ್ಕರಿಂದ ಗುಣಿಸಿದರೆ 330 ನಿಮಿಷ, ಅಂದರೆ ಐದೂವರೆ ಗಂಟೆ. ಪೂರ್ವದಲ್ಲಿರುವ ಊರಿನಲ್ಲಿ ಸೂರ್ಯನು ಮೊದಲು ಹುಟ್ಟುವುದರಿಂದ ಅದನ್ನು ಗ್ರೀನ್‌ವಿಚ್ ವೇಳೆಗೆ ಕೂಡಿಸಬೇಕು. ಕಳೆದವರಿಗೆ (ಅ) ಎಂಬ ತಪ್ಪು ಉತ್ತರ ಸಿಗುತ್ತದೆ. ಪ್ರಶ್ನೆಯಲ್ಲಿ ‘ಗ್ರೀನ್‌ವಿಚ್ ವೇಳೆ’ ಎಂದಿದೆಯೇ ಹೊರತು ‘ಲಂಡನ್ನಿನ ಗಡಿಯಾರ’ ಎಂದಿಲ್ಲ ಎಂಬುದನ್ನೂ ಗಮನಿಸಬೇಕು. ಬೇಸಗೆಯಲ್ಲಿ ಲಂಡನ್ನಿನವರು ತಮ್ಮ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ಇಟ್ಟುಕೊಂಡಾಗ ಅಲ್ಲಿನ ಗಡಿಯಾರಕ್ಕೂ ಇಲ್ಲಿನದಕ್ಕೂ ಇರುವ ಅಂತರ ನಾಲ್ಕೂವರೆ ಗಂಟೆ ಮಾತ್ರ.

3. ಸರಿಯಾದ ಉತ್ತರ (ಇ), 12-20. ಈ ಪ್ರಶ್ನೆಯನ್ನು ಬಾಯಿಪಾಠದಿಂದ ಬಿಡಿಸಲಾಗುವುದಿಲ್ಲ. ಲೆಕ್ಕ ಮಾಡಿಯೇ ಬಿಡಿಸಬೇಕು. 82½ರಲ್ಲಿ 77½ನ್ನು ಕಳೆದರೆ ಉಳಿಯುವುದು 5 ಡಿಗ್ರಿ. ಒಂದು ಡಿಗ್ರಿಗೆ 4 ನಿಮಿಷದಂತೆ 20 ನಿಮಿಷ. ಇನ್ನು ಅದನ್ನು 12ಕ್ಕೆ ಕೂಡಿಸಬೇಕೋ, 12ರಿಂದ ಕಳೆಯಬೇಕೋ? ಹೆಚ್ಚಿನವರು ಎಡವುವುದು ಇಲ್ಲಿಯೇ. ಸೂರ್ಯನು ಪೂರ್ವದಿಂದ ಪಶ್ಚಿಮಕ್ಕೆ ಬರುವಂತೆ ಕಾಣುತ್ತಾನೆ. ಬೆಂಗಳೂರು ಆಧಾರ ರೇಖೆಗೆ ಪಶ್ಚಿಮದಲ್ಲಿದೆ. ಆದ್ದರಿಂದ ಅವನು ಮೊದಲು ಮಿರ್ಜಾಪುರದ ರೇಖೆಗೆ ಬಂದು, ಇಪ್ಪತ್ತು ನಿಮಿಷಗಳ ಅನಂತರ ಬೆಂಗಳೂರಿಗೆ ಬರುತ್ತಾನೆ. ಅಷ್ಟು ಹೊತ್ತಿಗೆ ಗೋಡೆಯ ಗಡಿಯಾರ 12 ಹೊಡೆದು ಇಪ್ಪತ್ತು ನಿಮಿಷ ಕಳೆದಿರುತ್ತದೆ.

ಈ ಲೆಕ್ಕಕ್ಕೆ ಹಳೆಯ ಮುಂಬಯಿಯೇ ಸಾಕ್ಷಿ. ದೇಶಕ್ಕೆಲ್ಲ ಒಂದೇ ವೇಳೆ ಎಂಬ ಏರ್ಪಾಡು 1906ರಲ್ಲಿ ಬಂದ ಮೇಲೆಯೂ ಆ ನಗರದಲ್ಲಿ ಬಹುಕಾಲ ಅದರದೇ ‘ಬೊಂಬಾಯಿ ವೇಳೆ’ ಬಳಕೆಯಲ್ಲಿತ್ತು. ಅದು ದೇಶದ ವೇಳೆಗಿಂತ 39 ನಿಮಿಷ ಹಿಂದೆ. ಮುಂಬಯಿಯ ರೇಖಾಂಶ 73ಕ್ಕೆ ತುಸು ಕಡಮೆ. ಆಧಾರ ರೇಖೆಯಿಂದ ಸುಮಾರು 9¾ ಡಿಗ್ರಿ ದೂರ. ನಾಲ್ಕರಿಂದ ಗುಣಿಸಿದರೆ ಅದೇ 39 ನಿಮಿಷ ಬರುತ್ತದೆ.

ಮನೆಯ ಮಹಡಿಯ ಮೇಲೆ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದರ ನೆರಳು ಅತ್ಯಂತ ಗಿಡ್ಡವಾಗುವ ಗಳಿಗೆಯನ್ನು ಗುರುತಿಸಿಕೊಂಡರೆ ಈ ಉತ್ತರವನ್ನು ಯಾರೂ ಪರೀಕ್ಷಿಸಿ ನೋಡಬಹುದು. ಆದರೆ ನವೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನಲ್ಲಿ ಹೀಗೆ ಮಾಡಿದವರಿಗೆ 12-04ರ ಸುಮಾರಿಗೇ ನೆರಳು ಗಿಡ್ಡವಾಗಿ, ಫೆಬ್ರವರಿ ಮಧ್ಯದಲ್ಲಿ ಮಾಡಿದವರಿಗೆ 12-34ರ ತನಕ ಕಾಯಬೇಕಾಗಿ, ಲೆಕ್ಕವೇ ತಪ್ಪೆಂದು ತೋರಬಹುದು. ಲೆಕ್ಕ ತಪ್ಪಲ್ಲ. ಭೂಮಿ ಸೂರ್ಯನನ್ನು ಸುತ್ತುವ ವೇಗ ವರ್ಷವೆಲ್ಲ ಒಂದೇ ಸಮನಾಗಿಲ್ಲ. ಅದರ ಅಕ್ಷವೂ ಓರೆಯಾಗಿದೆ. ಈ ಎರಡು ಕಾರಣಗಳಿಂದ ನಿಜವಾದ ಸೂರ್ಯನು ಸರಾಸರಿ ವೇಳೆಗಿಂತ ಸುಮಾರು ಹದಿನಾರು ನಿಮಿಷದವರೆಗೆ ಹಿಂದೆ ಮುಂದೆ ಆಗುತ್ತಾನೆ. ಪ್ರಶ್ನೆಯಲ್ಲಿ ‘ಸರಾಸರಿ ಲೆಕ್ಕದಲ್ಲಿ’ ಎಂಬ ಮಾತನ್ನು ಸೇರಿಸಿದ್ದು ಅದಕ್ಕಾಗಿ.

4. ಸರಿಯಾದ ಉತ್ತರ (ಈ), ದೆಹಲಿ. ಸೂರ್ಯನು ಉತ್ತರಕ್ಕೆ ಬರುವುದು ಸುಮಾರು 23½ ಡಿಗ್ರಿ ಅಕ್ಷಾಂಶದವರೆಗೆ ಮಾತ್ರ. ಆ ಎಲ್ಲೆಯೇ ಕರ್ಕಾಟಕ ಸಂಕ್ರಾಂತಿ ವೃತ್ತ. ದೆಹಲಿ ಇರುವುದು 28½ ಡಿಗ್ರಿಗೂ ಮೇಲೆ. ಆದ್ದರಿಂದ ಕಡುಬೇಸಗೆಯ ನಡುಹಗಲಿನಲ್ಲಿಯೂ ಅಲ್ಲಿನ ಸೂರ್ಯನು ನೆತ್ತಿಯಿಂದ ಸ್ವಲ್ಪ ದಕ್ಷಿಣಕ್ಕೇ ಇರುತ್ತಾನೆ. ಕೋಲ್ಕತ್ತವನ್ನು ಉತ್ತರ ಭಾರತದ ನಗರವೆಂದೆಣಿಸಿ ಅದನ್ನು ಗುರುತು ಮಾಡುವವರು ಅನೇಕರು. ಆದರೆ ಅದು 22½ ಡಿಗ್ರಿಯಲ್ಲಿದ್ದು, ಎಲ್ಲೆಯಿಂದ ಈಚೆಗೇ ಉಳಿಯುತ್ತದೆ. 13 ಡಿಗ್ರಿಯಲ್ಲಿರುವ ಬೆಂಗಳೂರಿಗೆ ಸೂರ್ಯನು ವರ್ಷಕ್ಕೆ ಎರಡು ಬಾರಿ ನೆತ್ತಿಯ ಮೇಲೆ ಬರುತ್ತಾನೆ: ಉತ್ತರಕ್ಕೆ ಹೋಗುವಾಗ ಏಪ್ರಿಲ್ 24ರ ಸುಮಾರಿಗೆ, ಹಿಂದಿರುಗುವಾಗ ಆಗಸ್ಟ್ 18ರ ಸುಮಾರಿಗೆ. ಆ ಏಪ್ರಿಲ್ ದಿನ 12-18ರ ಹೊತ್ತಿಗೆ ಮಹಡಿಯ ಮೇಲಿನ ಕೋಲಿನ ನೆರಳು ಅದರ ಬುಡದಲ್ಲಿಯೇ ಅಡಗಿಬಿಡುತ್ತದೆ.

5. ಸರಿಯಾದ ಉತ್ತರ (ಅ), 13 ಡಿಗ್ರಿ. ಉತ್ತರ ಗೋಲಾರ್ಧದ ಯಾವ ಊರಿನಲ್ಲಿ ನಿಂತರೂ ಧ್ರುವ ನಕ್ಷತ್ರದ ಎತ್ತರ ಹೆಚ್ಚು ಕಡಮೆ ಆ ಊರಿನ ಅಕ್ಷಾಂಶದಷ್ಟೇ. ಉತ್ತರ ಧ್ರುವದಲ್ಲಿ ಅದು ನೆತ್ತಿಯ ಮೇಲೆ. ಸಮಭಾಜಕ ವೃತ್ತದಲ್ಲಿ ದಿಗಂತಕ್ಕೆ ತಗುಲಿದಂತೆ. ಬೆಂಗಳೂರಿನಲ್ಲಿ ಅದು ಬಹಳ ಕೆಳಗಿರುವುದರಿಂದ ಎದುರುಮನೆಯ ಗೋಡೆಯೇ ಅದನ್ನು ಮರೆಮಾಡಬಹುದು. 77 ಎಂಬ ಅಂಕಿ ಇಲ್ಲಿ ಎರಡು ರೀತಿಯ ಬಲೆ. ಅಕ್ಷಾಂಶಕ್ಕೆ ಬದಲಾಗಿ ರೇಖಾಂಶವನ್ನು ನೆನೆದವರೂ, ದಿಗಂತದಿಂದ ಅಳೆಯುವ ಬದಲು ನೆತ್ತಿಯಿಂದ ಅಳೆದವರೂ ಒಂದೇ ಹಳ್ಳಕ್ಕೆ ಬೀಳುತ್ತಾರೆ.

6. ಸರಿಯಾದ ಉತ್ತರ (ಈ), ಇಂದಿರಾ ಪಾಯಿಂಟ್. ಇದು ಗ್ರೇಟ್ ನಿಕೋಬಾರ್ ದ್ವೀಪದ ತುದಿ. ಅಕ್ಷಾಂಶ 6 ಡಿಗ್ರಿ 45 ಮಿನಿಟು. ಕನ್ಯಾಕುಮಾರಿ 8 ಡಿಗ್ರಿಯ ಮೇಲಿದೆ. ಪ್ರಶ್ನೆಯಲ್ಲಿ ‘ಮುಖ್ಯ ಭೂಭಾಗದ’ ಎಂಬ ಒಂದು ಮಾತು ಸೇರಿದ್ದರೆ ಕನ್ಯಾಕುಮಾರಿಯೇ ಸರಿ. ಹೀಗೆ ಒಂದು ಮಾತಿನಿಂದ ಉತ್ತರವೇ ಬೇರೆಯಾಗುವುದರಿಂದ ಪ್ರಶ್ನೆಯನ್ನು ಕೊನೆಯವರೆಗೆ ಓದದೆ ಗುರುತು ಹಾಕಬಾರದು. 2004ರ ಡಿಸೆಂಬರಿನ ಭೂಕಂಪ ಮತ್ತು ಸುನಾಮಿಯಲ್ಲಿ ಇಂದಿರಾ ಪಾಯಿಂಟ್‌ನ ನೆಲ ಕುಸಿದು, ಅಲ್ಲಿನ ದೀಪಸ್ತಂಭದ ಬುಡಕ್ಕೆ ಕಡಲು ಬಂದಿತು. ಆದರೂ ಉತ್ತರ ಬದಲಾಗಲಿಲ್ಲ.

7. ಸರಿಯಾದ ಉತ್ತರ (ಇ), ಎಂಟು: ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶ, ಛತ್ತೀಸಗಢ, ಜಾರ್ಖಂಡ್, ಪಶ್ಚಿಮ ಬಂಗಾಳ, ತ್ರಿಪುರಾ, ಮಿಜೋರಾಂ. ಆರಂಭದಲ್ಲಿ ಸೂಚಿಸಿದ ‘ಸ್ಥಿರವಲ್ಲದ’ ಉತ್ತರ ಇದೇ. 2000ದ ಅಕ್ಟೋಬರಿನಲ್ಲಿ ಈ ಪ್ರಶ್ನೆ ಕೇಳಿದ್ದರೆ ಸರಿಯಾದ ಉತ್ತರ ಏಳು. ಪಟ್ಟಿಯಲ್ಲಿ ಬಿಹಾರವಿರುತ್ತಿತ್ತು, ಛತ್ತೀಸಗಢವೂ ಜಾರ್ಖಂಡೂ ಇರುತ್ತಿರಲಿಲ್ಲ. ಮರುತಿಂಗಳು ಮಧ್ಯಪ್ರದೇಶದಿಂದ ಛತ್ತೀಸಗಢ ಬೇರೆಯಾಯಿತು. ವೃತ್ತವು ಎರಡರಲ್ಲಿಯೂ ಹಾದುಹೋಗುವುದರಿಂದ ಲೆಕ್ಕಕ್ಕೆ ಒಂದು ಹೆಚ್ಚಿತು. ಅದೇ ತಿಂಗಳು ಬಿಹಾರದ ದಕ್ಷಿಣ ಭಾಗ ಜಾರ್ಖಂಡ್ ಆಯಿತು. ವೃತ್ತವಿದ್ದದ್ದು ಆ ಭಾಗದಲ್ಲಿಯೇ ಆದುದರಿಂದ ಬಿಹಾರ ಪಟ್ಟಿಯಿಂದ ಬಿದ್ದುಹೋಗಿ ಜಾರ್ಖಂಡ್ ಅದರ ಸ್ಥಾನಕ್ಕೆ ಬಂತು. ವೃತ್ತವು ತನ್ನ ಸ್ಥಾನದಲ್ಲಿಯೇ ಇತ್ತು. ಬದಲಾದದ್ದು ಮನುಷ್ಯರು ಎಳೆದ ಗಡಿ. ಹಳೆಯ ಮಾರ್ಗದರ್ಶಿಯನ್ನು ಅಣ್ಣನಿಂದ ತಮ್ಮನಿಗೆ ದಾಟಿಸುವ ಮನೆಗಳಲ್ಲಿ ಇಂಥ ಉತ್ತರಗಳನ್ನು ಮಾತ್ರ ಹೊಸ ನಕ್ಷೆಯೊಡನೆ ತಾಳೆ ನೋಡಬೇಕು. ಮೊದಲ ಐದು ಪ್ರಶ್ನೆಗಳಿಗೆ ಆ ಹಳೆಯ ಪುಸ್ತಕವೇ ಸಾಕು.

ಅಂಕಗಳ ಲೆಕ್ಕ

ನಾಲ್ಕು ಪ್ರಶ್ನೆಗಳನ್ನು ಖಚಿತವಾಗಿ ಬಲ್ಲ ಒಬ್ಬ ಅಭ್ಯರ್ಥಿಯನ್ನು ಊಹಿಸಿಕೊಳ್ಳೋಣ. ಅವನಿಗೆ ಆ ನಾಲ್ಕು ಅಂಕಗಳು ಬಂದವು. ಇನ್ನೆರಡರಲ್ಲಿ ಅವನು ಎರಡೆರಡು ತಪ್ಪು ಉತ್ತರಗಳನ್ನು ತೆಗೆದುಹಾಕಬಲ್ಲ. ಉಳಿದೆರಡರಲ್ಲಿ ಒಂದನ್ನು ಗುರುತಿಸಿದಾಗ ಸರಾಸರಿಯಲ್ಲಿ ಒಂದು ಸರಿ, ಒಂದು ತಪ್ಪು. ಕಾಲು ಅಂಕ ಹೋದರೂ ಮುಕ್ಕಾಲು ಅಂಕ ಕೈಗೆ ಬರುತ್ತದೆ. ಏನೂ ತಿಳಿಯದ ಏಳನೆಯದನ್ನು ಕಣ್ಣುಮುಚ್ಚಿ ಗುರುತಿಸಿದರೆ ಸರಾಸರಿ ಲಾಭ ಅಂಕದ ಹದಿನಾರನೆಯ ಒಂದು ಭಾಗ; ಕಡಿತವು ಮೂರನೆಯ ಒಂದು ಭಾಗವಿರುವ ಪರೀಕ್ಷೆಯಲ್ಲಿ ಅದೂ ಇಲ್ಲ. ಆದುದರಿಂದ ಪ್ರಶ್ನೆಪತ್ರಿಕೆಯ ಮೇಲಿನ ಸೂಚನೆಯಲ್ಲಿ ಕಡಿತ ಎಷ್ಟೆಂಬುದನ್ನು ಮೊದಲು ಓದಿಕೊಳ್ಳಬೇಕು. ಊಹೆಗಿಂತ ಹೆಚ್ಚಿನ ಆದಾಯ ಬರುವುದು ಅಸಾಧ್ಯವಾದ ಉತ್ತರಗಳನ್ನು ಹೊಡೆದುಹಾಕುವುದರಿಂದ. ಮೂರನೆಯ ಪ್ರಶ್ನೆಯಲ್ಲಿ ‘ಬೆಂಗಳೂರು ಆಧಾರ ರೇಖೆಗೆ ಪಶ್ಚಿಮ’ ಎಂಬುದೊಂದೇ ನೆನಪಿದ್ದವನಿಗೂ 11-40 ಮತ್ತು 12-00 ಎರಡೂ ತಾವಾಗಿಯೇ ಬಿದ್ದುಹೋಗುತ್ತವೆ.

ಏಳರಲ್ಲಿ ಆರಕ್ಕೆ ಮೇಲ್ಪಟ್ಟು ಪಡೆದವರದು ಉತ್ತಮ. ನಾಲ್ಕರಿಂದ ಆರು, ಸಾಧಾರಣ. ನಾಲ್ಕಕ್ಕಿಂತ ಕಡಮೆ ಪಡೆದವರು ಭೂಪಟವನ್ನು ತೆರೆದು, 82½ ಡಿಗ್ರಿ ಪೂರ್ವ ಮತ್ತು 23½ ಡಿಗ್ರಿ ಉತ್ತರ ಎಂಬ ಎರಡು ಗೆರೆಗಳನ್ನು ಸೀಸದ ಕಡ್ಡಿಯಿಂದ ಎಳೆದು, ತಮ್ಮ ಊರು ಅವುಗಳ ಯಾವ ಪಕ್ಕದಲ್ಲಿದೆ ಎಂಬುದನ್ನು ನೋಡಿಕೊಂಡು ಪ್ರಶ್ನೆಗಳನ್ನು ಮತ್ತೊಮ್ಮೆ ಬಿಡಿಸತಕ್ಕದ್ದು.