ವ್ಯಾಪಾರ ಏರಲಿಲ್ಲ, ರಂಜಾನ್ ಸರಿಯಿತು

ಇವತ್ತಿನ ಸಂಚಿಕೆ ಸ್ವಲ್ಪ ಬೇರೆ ಥರ. ಹೊಸ ಸಂಶೋಧನೆಯ ಸುದ್ದಿ ಬದಲು, ನಾವೇ ಮಾಡಿದ ಒಂದು ತಪ್ಪಿನ ಬಗ್ಗೆ ಮಾತಾಡೋಣ ಅಂತ ಕೂತಿದ್ದೇವೆ. ನಮ್ಮಲ್ಲಿ ಕೆಲವರು ಮಸ್ಕತ್‌ನಲ್ಲಿ ದತ್ತಾಂಶ ವಿಶ್ಲೇಷಣೆಯ ಕೆಲಸ ಮಾಡುವವರು. ಅಂಗಡಿ, ಗೋದಾಮು, ಸಣ್ಣ ಕಂಪನಿಗಳ ಲೆಕ್ಕ ನೋಡಿ, ಮುಂದೇನು ಮಾಡಬೇಕು ಅಂತ ಹೇಳುವುದು ನಮ್ಮ ಕಸುಬು. ಆ ತಪ್ಪು ಲೆಕ್ಕದಲ್ಲಿ ಆದದ್ದಲ್ಲ. ಲೆಕ್ಕ ಸರಿಯಾಗಿಯೇ ಇತ್ತು, ಅದನ್ನು ಹೇಳಿದ ರೀತಿ ತಪ್ಪಾಗಿತ್ತು.

2024ರ ಏಪ್ರಿಲ್ ಮೊದಲ ವಾರ. ಇನ್ನೂ ಉಪವಾಸದ ದಿನಗಳು. ಮಂಗಳೂರು ಕಡೆಯ ಹಿರಿಯರೊಬ್ಬರು ನಮ್ಮನ್ನು ಕರೆಸಿದರು. ರೂವಿ, ಸೀಬ್, ಬರ್ಕಾದಲ್ಲಿ ಒಂದೊಂದು ಅಂಗಡಿ, ಜೊತೆಗೆ ಸಣ್ಣ ಅಂಗಡಿಗಳಿಗೆ ಸಗಟು ಮಾರಾಟ. ಅವರ ಕೈಯಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಟ್ಟ ಒಂದು ಗ್ರಾಫ್ ಇತ್ತು. ಶರಬತ್ತಿನ ಮಾರಾಟ ಹಿಂದಿನ ವರ್ಷದ ಮಾರ್ಚ್‌ಗಿಂತ ಈ ಮಾರ್ಚ್‌ನಲ್ಲಿ ಶೇ. 66 ಹೆಚ್ಚು. ಖರ್ಜೂರ, ಸಮೋಸದ ಹಾಳೆ, ಎಲ್ಲದರದ್ದೂ ಹೆಚ್ಚುಕಡಿಮೆ ಇದೇ ಕಥೆ. ಅವರ ಪ್ರಶ್ನೆ ಒಂದೇ: "ಎರಡನೇ ಗೋದಾಮು ಬಾಡಿಗೆಗೆ ಹಿಡಿಯಲಾ ಬೇಡವಾ, ಹೇಳಿ ಮಾರಾಯ್ರೆ."

ಕಥೆ ಸುಲಭವಾಗಲಿ ಅಂತ ಶರಬತ್ತನ್ನು ಮಾತ್ರ ಹಿಡಿದುಕೊಳ್ಳೋಣ. ಸಂಖ್ಯೆಗಳನ್ನೂ ದುಂಡಗೆ ಮಾಡಿದ್ದೇವೆ. ಮೂರೂ ಅಂಗಡಿ ಸೇರಿ ಮಾಮೂಲಿ ದಿನ ಸರಾಸರಿ 4 ಪೆಟ್ಟಿಗೆ ಹೋಗುತ್ತದೆ, ರಂಜಾನ್ ದಿನ 20.

ಈಗ ಒಮಾನ್‌ನ ಕ್ಯಾಲೆಂಡರ್ ನೋಡಿ. 2023ರಲ್ಲಿ ಇಲ್ಲಿ ಉಪವಾಸ ಶುರುವಾದದ್ದು ಮಾರ್ಚ್ 23ಕ್ಕೆ. ಅಂದರೆ ಆ ಮಾರ್ಚ್‌ನಲ್ಲಿ ರಂಜಾನ್ ದಿನಗಳು 9. 2024ರಲ್ಲಿ ಶುರುವಾದದ್ದು ಮಾರ್ಚ್ 12ಕ್ಕೆ, ಹಾಗಾಗಿ ಮಾರ್ಚ್‌ನಲ್ಲಿ 20 ದಿನ. ಗುಣಿಸಿ ಕೂಡಿ. 2023ರ ಮಾರ್ಚ್: 9 ದಿನಕ್ಕೆ 180, ಉಳಿದ 22 ದಿನಕ್ಕೆ 88, ಒಟ್ಟು 268 ಪೆಟ್ಟಿಗೆ. 2024ರ ಮಾರ್ಚ್: 20 ದಿನಕ್ಕೆ 400, ಉಳಿದ 11 ದಿನಕ್ಕೆ 44, ಒಟ್ಟು 444. ಅದೇ ಶೇ. 66ರ ಏರಿಕೆ! ಆದರೆ ಒಬ್ಬ ಗಿರಾಕಿಯೂ ಹೆಚ್ಚಾಗಿಲ್ಲ. ಉಪವಾಸದ ದಿನಗಳು ಏಪ್ರಿಲ್‌ನಿಂದ ಮಾರ್ಚ್‌ಗೆ ಸರಿದವು, ಅಷ್ಟೆ.

ನಮ್ಮ ಯುಗಾದಿಯೂ ಸರಿಯುತ್ತದಲ್ಲ ಅಂತ ನೀವು ಕೇಳಬಹುದು. ಸರಿಯುತ್ತದೆ. 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30. ಆದರೆ ನಮ್ಮ ಪಂಚಾಂಗದಲ್ಲಿ ಸುಮಾರು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದು ಹಬ್ಬವನ್ನು ಮತ್ತೆ ಅದೇ ಋತುವಿಗೆ ತಂದು ನಿಲ್ಲಿಸುತ್ತದೆ. ಹಿಜರಿ ಪಂಚಾಂಗದಲ್ಲಿ ಅಧಿಕ ಮಾಸವಿಲ್ಲ. ಚಾಂದ್ರಮಾನ ವರ್ಷ ಸುಮಾರು 354 ದಿನದ್ದು. ಹಾಗಾಗಿ ರಂಜಾನ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಬರುತ್ತಾ, ಸುಮಾರು 33 ವರ್ಷಕ್ಕೆ ಒಂದು ಪೂರ್ತಿ ಸುತ್ತು ಹಾಕುತ್ತದೆ.

ಇದೆಲ್ಲ ನಮಗೆ ಗೊತ್ತಿತ್ತು. ರಂಜಾನ್ ದಿನಗಳನ್ನು ಬೇರ್ಪಡಿಸಿಯೇ ಲೆಕ್ಕ ಮಾಡಿದೆವು. ಆಮೇಲೆ 14 ಪುಟದ ವರದಿ ಬರೆದೆವು. ಮೊದಲ ಪುಟದಲ್ಲಿ ಅವರದೇ ಗ್ರಾಫ್, ಶೇ. 66ರದು, ಚಂದದ ಬಣ್ಣದಲ್ಲಿ. ನಂತರ ವಿಧಾನದ ವಿವರಣೆ. ಪುಟ 11ರಲ್ಲಿ ಒಂದು ಸಾಲು: ಸರಿಯುವ ಹಬ್ಬದ ಪ್ರಭಾವ ತೆಗೆದ ಮೇಲೆ ಉಳಿಯುವ ಹೆಚ್ಚಳ ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಸಿಗ್ನಿಫಿಕೆಂಟ್ ಅಲ್ಲ. ಬಾಯಲ್ಲೂ ಅದನ್ನೇ ಹೇಳಿ ಬಂದೆವು.

ಅವರು ಏನು ಕೇಳಿಸಿಕೊಂಡರು? ಹೆಚ್ಚಳ ಇದೆ, ಆದರೆ ಅಂಥಾ ದೊಡ್ಡದಲ್ಲ. ನಾವು ಹೇಳಲು ಹೊರಟದ್ದು ಬೇರೆ: ಹೆಚ್ಚಳ ಇದೆ ಅನ್ನುವುದಕ್ಕೇ ಆಧಾರ ಸಿಗಲಿಲ್ಲ. ಕನ್ನಡದಲ್ಲಿ 'ಗಣನೀಯವಲ್ಲ' ಅಂದಿದ್ದರೂ ಇದೇ ಆಗುತ್ತಿತ್ತು. ಯಾಕೆಂದರೆ ಆ ಪದಕ್ಕೆ ಜನರ ಬಾಯಲ್ಲಿ ಇರುವ ಅರ್ಥ 'ದೊಡ್ಡದಲ್ಲ' ಅಂತಲೇ. ಅವರು ಒಂದು ವರ್ಷಕ್ಕೆ ಗೋದಾಮಿನ ಕರಾರಿಗೆ ಸಹಿ ಹಾಕಿದರು.

ಮೇ ತಿಂಗಳ ಮೊದಲ ವಾರ ಫೋನ್ ಬಂತು. ದನಿಯಲ್ಲಿ ಗಾಬರಿ. "ಏಪ್ರಿಲ್‌ನಲ್ಲಿ ಶೇ. 42 ಬಿದ್ದಿದೆ. ಪಕ್ಕದಲ್ಲಿ ಯಾರೋ ಹೊಸ ಅಂಗಡಿ ತೆಗೆದಿದ್ದಾರಾ ಅಂತ ಹುಡುಕಿಸ್ತಾ ಇದ್ದೇನೆ." ಅದೂ ಅದೇ ಲೆಕ್ಕ. 2023ರ ಏಪ್ರಿಲ್‌ನಲ್ಲಿ ರಂಜಾನ್ ದಿನ 21, ಮಾರಾಟ 456 ಪೆಟ್ಟಿಗೆ. 2024ರ ಏಪ್ರಿಲ್‌ನಲ್ಲಿ 9 ದಿನ, ಮಾರಾಟ 264. ಮಾರ್ಚ್‌ನ ಖುಷಿಗೂ ಏಪ್ರಿಲ್‌ನ ಗಾಬರಿಗೂ ಕಾರಣ ಒಂದೇ. ಎರಡು ತಿಂಗಳು ಕೂಡಿಸಿದರೆ 2023ರಲ್ಲಿ 724, 2024ರಲ್ಲಿ 708. ಆ 16 ಪೆಟ್ಟಿಗೆ ಕಡಿಮೆಯಾದದ್ದೂ ಉಪವಾಸ 30ರ ಬದಲು 29 ದಿನ ಇದ್ದದ್ದಕ್ಕೆ.

ಎರಡನೇ ಗೋದಾಮು ಅರ್ಧ ಖಾಲಿ ಬಿದ್ದಿತ್ತು. ಬಾಡಿಗೆ ಮಾತ್ರ ವರ್ಷವಿಡೀ ಕಟ್ಟಬೇಕಾಯಿತು. ಅವರು ನಮ್ಮನ್ನು ಬೈಯಲಿಲ್ಲ, "ನೀವು ಅವತ್ತೇ ಬೇಡ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ" ಅಂದರು. ಹೇಳಿದ್ದೆವು, ಪುಟ 11ರಲ್ಲಿ. ಅದು ಹೇಳಿದ ಹಾಗಲ್ಲ ಅನ್ನುವುದೇ ಇವತ್ತಿನ ನಮ್ಮ ವಾದ. ಗಿರಾಕಿ ಕೇಳಿದ ಪ್ರಶ್ನೆಗೆ ಉತ್ತರ ಮೊದಲ ಸಾಲಿನಲ್ಲಿ ಇಲ್ಲದಿದ್ದರೆ, ವಿಶ್ಲೇಷಣೆ ಮುಗಿದಿಲ್ಲ ಅಂತಲೇ ಅರ್ಥ.

ಆಮೇಲೆ ಅದೇ ವರದಿಯನ್ನು ಒಂದೇ ಪುಟಕ್ಕೆ ಇಳಿಸಿ ಬರೆದೆವು. ಮೊದಲ ಸಾಲು: "ಎರಡನೇ ಗೋದಾಮು ಬೇಡ. ನಿಮ್ಮ ವ್ಯಾಪಾರ ಏರಿಲ್ಲ, ಇಳಿದೂ ಇಲ್ಲ." ಅದರ ಕೆಳಗೆ ಒಂದೇ ಒಂದು ಗ್ರಾಫ್. ಅಡ್ಡ ಗೆರೆಯಲ್ಲಿ ಮಾರ್ಚ್ 1, ಮಾರ್ಚ್ 2 ಅಂತ ಹಾಕದೆ, ರಂಜಾನ್‌ನ ಮೊದಲ ದಿನ, ಎರಡನೇ ದಿನ ಅಂತ ಈದ್‌ವರೆಗೆ ಹಾಕಿದೆವು. ಎರಡು ವರ್ಷದ ಗೆರೆಗಳು ಒಂದರ ಮೇಲೊಂದು ಕೂತವು. ಗ್ರಾಫ್‌ನ ತಲೆಬರಹ 'ದೈನಂದಿನ ಮಾರಾಟದ ಹೋಲಿಕೆ' ಅಂತ ಇರಲಿಲ್ಲ. "ಉಪವಾಸದ ದಿನಕ್ಕೆ ಹೋದ ವರ್ಷವೂ 20 ಪೆಟ್ಟಿಗೆ, ಈ ವರ್ಷವೂ 20" ಅಂತ ಇತ್ತು. ಅವರು ಹತ್ತು ಸೆಕೆಂಡ್ ನೋಡಿ, ಹದಿನೈದನೇ ದಿನದ ಹತ್ತಿರದ ಏರಿಕೆಯ ಮೇಲೆ ಬೆರಳಿಟ್ಟು "ಇದು ಕರಂಕಶುಹ್" ಅಂದರು. ಒಮಾನ್‌ನಲ್ಲಿ ರಂಜಾನ್‌ನ ನಡುವೆ ಮಕ್ಕಳು ಮನೆಮನೆಗೆ ಹೋಗಿ ತಿಂಡಿ ಕೇಳುವ ಸಂಜೆ ಅದು. ನಮ್ಮ ಲೆಕ್ಕದಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಗಿರಾಕಿಗೆ ಅರ್ಥವಾಗುವ ಹಾಗೆ ತೋರಿಸಿದರೆ, ಅವರು ನಮ್ಮ ಲೆಕ್ಕವನ್ನೇ ತಿದ್ದಬಲ್ಲರು.

ಇನ್ನೊಂದು ಕಷ್ಟದ ವಿಷಯ ಅನಿಶ್ಚಿತತೆ. "ಸುಮಾರು" ಅಂದರೆ ಗಿರಾಕಿಗೆ ನಂಬಿಕೆ ಹೋಗುತ್ತದೆ ಅಂತ ನಮ್ಮ ಕಸುಬಿನವರು ಹೆದರುತ್ತಾರೆ. ಆದರೆ ಒಮಾನ್‌ನಲ್ಲಿ ಬದುಕುವವರಿಗೆ ಇದನ್ನು ಹೇಳಿಕೊಡಬೇಕಾ? ತಿಂಗಳು 29 ದಿನವೋ 30 ದಿನವೋ ಅನ್ನುವುದು ಆ ಸಂಜೆ ಚಂದ್ರ ಕಂಡ ಮೇಲೆಯೇ ಗೊತ್ತಾಗುವುದು. 2024ರಲ್ಲಿ ಸೌದಿಯಲ್ಲಿ ಮಾರ್ಚ್ 11ಕ್ಕೆ ಉಪವಾಸ ಶುರುವಾದರೆ ಇಲ್ಲಿ 12ಕ್ಕೆ. ಹಾಗಂತ ಯಾರೂ ಈದ್ ತಯಾರಿ ನಿಲ್ಲಿಸುವುದಿಲ್ಲ. ಎರಡೂ ದಿನಕ್ಕೆ ಸಿದ್ಧವಾಗಿ, ಸುದ್ದಿ ಬಂದ ಮೇಲೆ ಹೆಜ್ಜೆ ಇಡುತ್ತಾರೆ. ನಮ್ಮ ಸಲಹೆಯೂ ಹಾಗೇ ಇರಬೇಕು.

2025ರ ಜನವರಿಯಲ್ಲಿ ಶರಬತ್ತು ಎಷ್ಟು ತರಿಸಲಿ ಅಂತ ಅವರು ಕೇಳಿದಾಗ ಬರೆದದ್ದು ಹೀಗೆ: "ದಿನಕ್ಕೆ 18ರಿಂದ 22 ಪೆಟ್ಟಿಗೆ ಹೋಗಬಹುದು. ಅಂದರೆ ಇಡೀ ರಂಜಾನ್‌ಗೆ 520ರಿಂದ 660. ಈಗ 550 ತರಿಸಿ. ಮೊದಲ ಹತ್ತು ದಿನದಲ್ಲಿ 190 ದಾಟಿದರೆ ಇನ್ನೊಂದು 100 ತರಿಸಿ. ದಾಟದಿದ್ದರೆ ಬೇಡ." ಈದ್ ಆದ ಮೇಲೆ ಉಳಿದ ಶರಬತ್ತನ್ನು ಅರ್ಧ ಬೆಲೆಗೆ ಕೊಡಬೇಕಾಗುತ್ತದೆ, ಅದಕ್ಕೇ ಒಂದೇ ಸಲಕ್ಕೆ 660 ಹೇಳಲಿಲ್ಲ. ಇದರಲ್ಲಿ ಒಂದೂ ತಾಂತ್ರಿಕ ಪದ ಇಲ್ಲ. ಆದರೆ ಅಂದಾಜು ಇದೆ, ಅದರ ಅಗಲ ಇದೆ, ಏನು ಕಂಡರೆ ನಮ್ಮ ಮಾತು ಬದಲಾಗುತ್ತದೆ ಅನ್ನುವುದೂ ಇದೆ.

ಹೀಗೆ ಸರಳ ಮಾಡಿದರೆ ವಿಜ್ಞಾನ ತೆಳುವಾಗುವುದಿಲ್ಲವಾ ಅಂತ ನಮ್ಮ ಸಹೋದ್ಯೋಗಿಗಳೇ ಕೇಳುತ್ತಾರೆ. ನಮಗೆ ಕಂಡದ್ದು ಉಲ್ಟಾ. ಪುಟ 11ರ ಸಾಲು ಸುಳ್ಳಾಗುವ ಸಂದರ್ಭವೇ ಇರಲಿಲ್ಲ, ಯಾಕೆಂದರೆ ಅದು ಏನನ್ನೂ ಮಾಡು ಅಂತ ಹೇಳಿರಲಿಲ್ಲ. "ಹತ್ತು ದಿನಕ್ಕೆ 190" ಅನ್ನುವುದು ಹನ್ನೊಂದನೇ ದಿನ ಬೆಳಿಗ್ಗೆ ಎಲ್ಲರೆದುರು ತಪ್ಪಾಗಬಹುದು. ಅದನ್ನು ಬರೆಯುವ ಮೊದಲು ನಾವು ಲೆಕ್ಕವನ್ನು ಮೂರು ಸಲ ನೋಡಿದೆವು.

ಮಿತಿಗಳನ್ನೂ ಹೇಳಿದೆವು. ನಮ್ಮ ಹತ್ತಿರ ಇದ್ದದ್ದು ಎರಡೇ ರಂಜಾನ್‌ಗಳ ಲೆಕ್ಕ. ಬೆಲೆ ಬದಲಾದರೆ, ಪಕ್ಕದಲ್ಲಿ ದೊಡ್ಡ ಅಂಗಡಿ ಬಂದರೆ ಇದು ನಿಲ್ಲುವುದಿಲ್ಲ. ವರ್ಷದ ಒಟ್ಟು ಲೆಕ್ಕ ನೋಡಿದರೆ ಕ್ಷೇಮ ಅಂತಲೂ ಅಂದುಕೊಳ್ಳಬೇಡಿ. 2030ರಲ್ಲಿ ಜನವರಿಯಲ್ಲೊಂದು, ಡಿಸೆಂಬರ್ ಕೊನೆಗೆ ಇನ್ನೊಂದು, ಹೀಗೆ ಒಂದೇ ವರ್ಷದಲ್ಲಿ ಎರಡು ಸಲ ರಂಜಾನ್ ಶುರುವಾಗುತ್ತದೆ. ಆಗ ವರ್ಷದ ಗ್ರಾಫ್ ಕೂಡ ಸುಳ್ಳು ಹೇಳುತ್ತದೆ.

ಈಗ ಪ್ರತಿ ವರದಿ ಕೊಟ್ಟ ಮೇಲೆ ನಾವು ಒಂದು ಪರೀಕ್ಷೆ ಮಾಡುತ್ತೇವೆ. ಗಿರಾಕಿಯನ್ನು "ಅರ್ಥ ಆಯ್ತಾ?" ಅಂತ ಕೇಳುವುದಿಲ್ಲ. ಆ ಪ್ರಶ್ನೆಗೆ ಎಲ್ಲರೂ ಹೂಂ ಅಂತಾರೆ. "ನಾಳೆ ನಿಮ್ಮ ಅಂಗಡಿ ಮ್ಯಾನೇಜರ್‌ಗೆ ಏನು ಹೇಳ್ತೀರಿ?" ಅಂತ ಕೇಳುತ್ತೇವೆ. ಅವರ ಬಾಯಿಂದ ಬಂದ ಮಾತು ನಮ್ಮ ಮೊದಲ ಸಾಲಿಗೆ ಹೊಂದದಿದ್ದರೆ, ವರದಿಯನ್ನು ವಾಪಸ್ ತಂದು ಮತ್ತೆ ಬರೆಯುತ್ತೇವೆ. 2024ರ ಏಪ್ರಿಲ್‌ನಲ್ಲಿ ಇದೊಂದು ಪ್ರಶ್ನೆ ಕೇಳಿದ್ದರೆ, ಆ ಹಿರಿಯರು "ಗೋದಾಮು ಹಿಡೀತಾ ಇದ್ದೇವೆ ಅಂತ ಹೇಳ್ತೇನೆ" ಅನ್ನುತ್ತಿದ್ದರು. ನಮಗೆ ಅಲ್ಲೇ ಗೊತ್ತಾಗುತ್ತಿತ್ತು.

2025ರಲ್ಲಿ ಮಾರ್ಚ್ 1ಕ್ಕೆ ಶುರುವಾದ ಉಪವಾಸ 30 ದಿನ ನಡೆಯಿತು. ಮೊದಲ ಹತ್ತು ದಿನಕ್ಕೆ 196 ಪೆಟ್ಟಿಗೆ ಹೋದವು, ಎರಡನೇ ಲೋಡ್ ಬಂತು, ಕೊನೆಗೆ 38 ಉಳಿದವು. ಆ ಏಪ್ರಿಲ್‌ನಲ್ಲಿ ಒಂದೂ ರಂಜಾನ್ ದಿನ ಇರಲಿಲ್ಲ, ಮಾರಾಟ ಹಿಂದಿನ ಏಪ್ರಿಲ್‌ನ ಅರ್ಧಕ್ಕಿಂತ ಕೆಳಗೆ ಬಿತ್ತು. ಈ ಸಲ ಅವರು ಗಾಬರಿಯಾಗಿ ಫೋನ್ ಮಾಡಲಿಲ್ಲ. ಎರಡನೇ ಗೋದಾಮಿನ ಕರಾರನ್ನು ಮುಂದುವರಿಸಲೂ ಇಲ್ಲ.

ನಿಮ್ಮ ಊರಿನಲ್ಲೂ ಹಬ್ಬ ಸರಿದು ಲೆಕ್ಕ ತಪ್ಪಿದ ಕಥೆ ಇದ್ದರೆ ನಮಗೆ ಬರೆದು ತಿಳಿಸಿ.