ನಾಳೆಯ ಕದನ

ಆಗತಕ್ಕದ್ದು ಆಗಿಯೇ ತೀರುವುದೆನ್ನುವವರು ಹಣೆಬರಹವನ್ನೋ ಗ್ರಹಗತಿಯನ್ನೋ ಮುಂದಿಡುವುದು ವಾಡಿಕೆ. ಅವೆರಡನ್ನೂ ಬದಿಗಿಟ್ಟು, ಬರಿಯ ತರ್ಕದ ಬಲದಿಂದಲೇ ಅದನ್ನು ಸಾಧಿಸಬಹುದೇ ಎಂಬ ಪ್ರಶ್ನೆಯನ್ನು ಗ್ರೀಕ್ ತತ್ತ್ವಜ್ಞನಾದ ಅರಿಸ್ಟಾಟಲನು (ಕ್ರಿ. ಪೂ. 384–322) ತನ್ನ ತರ್ಕಗ್ರಂಥವೊಂದರ ಒಂಬತ್ತನೆಯ ಅಧ್ಯಾಯದಲ್ಲಿ ಎತ್ತಿಕೊಂಡಿರುವನು.

“ನಾಳೆ ಸಮುದ್ರದಲ್ಲಿ ಕದನ ನಡೆಯುವುದು” ಎಂದು ಒಬ್ಬನು ಇಂದು ನುಡಿಯುತ್ತಾನೆ. “ನಡೆಯದು” ಎಂದು ಮತ್ತೊಬ್ಬನು. ಎರಡರಲ್ಲೊಂದು ನಿಜವಾಗಿರಬೇಕಷ್ಟೆ. ಮೊದಲನೆಯವನ ಮಾತು ಇಂದೇ ನಿಜವಾದರೆ ಕದನವು ತಪ್ಪಲಾರದು, ಸುಳ್ಳಾದರೆ ನಡೆಯಲಾರದು. ಹತ್ತು ಸಾವಿರ ವರ್ಷಗಳ ಹಿಂದೆ ಆಡಿದ್ದರೂ ಹೀಗೆಯೇ. ಹಾಗಾದರೆ ಈ ರಾತ್ರಿ ನೌಕಾಧಿಪತಿಯು ಆಲೋಚನೆಗೆ ಕುಳಿತುಕೊಳ್ಳುವುದೇತಕ್ಕೆ?

ಈ ವಾದದ ಬಿರುಕು “ತಪ್ಪಲಾರದು” ಎಂಬ ಪದದಲ್ಲಿಯೇ ಇರುವುದೆಂದು ನಮಗೆ ತೋರುತ್ತದೆ. ಒಬ್ಬನು ಕುಳಿತಿರುವನೆಂಬ ಮಾತು ನಿಜವಾದರೆ ಅವನು ಕುಳಿತಿರಲೇಬೇಕು. ಆದರೆ ಏಳುವ ಶಕ್ತಿ ಅವನಿಗಿಲ್ಲವೆಂದು ಅದರಿಂದ ಸಿದ್ಧವಾಗದು. ಅನಿವಾರ್ಯತೆಯು ಮಾತಿಗೂ ಸಂಗತಿಗೂ ಇರುವ ನಂಟಿನದು, ಸಂಗತಿಯದಲ್ಲ. ಅವನು ಕುಳಿತುದರಿಂದ ಮಾತು ನಿಜವಾಯಿತೇ ಹೊರತು, ಮಾತು ನಿಜವಾದುದರಿಂದ ಅವನು ಕುಳಿತವನಲ್ಲ.

ವಿಧಿವಾದಿಯು ಇಷ್ಟಕ್ಕೆ ಸುಮ್ಮನಾಗನು. “ನಿನ್ನೆಯೇ ನಿಜವಾಗಿದ್ದುದನ್ನು ಇಂದು ಅಳಿಸಬಲ್ಲಿರಾ?” ಎಂದು ಕೇಳುವನು. ಅರಿಸ್ಟಾಟಲನ ಸಮಾಧಾನವು ಇಲ್ಲಿ ಒದಗುತ್ತದೆ. “ನಡೆಯುವುದು, ಇಲ್ಲವೆ ನಡೆಯದು” ಎಂಬ ಜೋಡಿಮಾತು ನಿಶ್ಚಿತ. ಬಿಡಿಯಾಗಿ ಎರಡರಲ್ಲಿ ಯಾವುದೂ ಇನ್ನೂ ನಿಶ್ಚಿತವಲ್ಲ. ಬಿಡಿಮಾತುಗಳು ಇಂದು ನಿಜವೂ ಅಲ್ಲ, ಸುಳ್ಳೂ ಅಲ್ಲವೆಂದೇ ಅವನ ಅಭಿಪ್ರಾಯವೆಂದು ಬಹುಮಂದಿ ಅರ್ಥಮಾಡಿರುವರು; ಈ ವಿಷಯದಲ್ಲಿ ವಿದ್ವಾಂಸರ ಜಗಳ ಇನ್ನೂ ತೀರಿಲ್ಲ.

ಪೋಲೆಂಡಿನ ಲುಕಾಸಿಯೆವಿಚ್ ಎಂಬವರು 1920ರಲ್ಲಿ ಇದಕ್ಕೆ ಲೆಕ್ಕದ ರೂಪ ಕೊಟ್ಟರು: ನಿಜಕ್ಕೆ 1, ಸುಳ್ಳಿಗೆ 0, ನಾಳೆಯ ಕದನದಂಥ ಮಾತಿಗೆ ½. ಆದರೆ ಇದರ ಬೆಲೆಯನ್ನು ನೋಡಿರಿ. “ನಡೆಯುವುದು” ಎಂಬುದು ½ ಆದರೆ “ನಡೆಯದು” ಎಂಬುದೂ ½. ‘ಇಲ್ಲವೆ’ ಎಂದು ಜೋಡಿಸಿದಾಗ ಎರಡರಲ್ಲಿ ದೊಡ್ಡದನ್ನು ತೆಗೆದುಕೊಳ್ಳಬೇಕೆಂಬುದು ಅವರ ನಿಯಮ. ಆದುದರಿಂದ ಜೋಡಿಮಾತಿಗೂ ½ ಮಾತ್ರವೇ ದಕ್ಕುವುದು. ಅರಿಸ್ಟಾಟಲನು ನಿಶ್ಚಿತವೆಂದುದೇ ಅರೆನಿಜವಾಗಿ ಹೋಯಿತು! ಈ ಬೆಲೆ ತೆರುವುದಕ್ಕಿಂತ ಮೊದಲಿನ ಉತ್ತರವೇ ನಮಗೆ ಲೇಸಾಗಿ ಕಾಣುತ್ತದೆ.

ಇದೇ ವಾದವು ಮನೆಯೊಳಕ್ಕೆ ಬಂದಾಗ ಅದಕ್ಕೆ ಪ್ರಾಚೀನರು ‘ಸೋಮಾರಿವಾದ’ವೆಂದು ಹೆಸರಿಟ್ಟರು: ರೋಗಿಗೆ ಗುಣವಾಗುವುದೆಂದು ವಿಧಿಯಿದ್ದರೆ ವೈದ್ಯನನ್ನು ಕರೆದರೂ ಬಿಟ್ಟರೂ ಗುಣವಾಗುವುದು, ಕರೆಯುವುದೇಕೆ? ಇದಕ್ಕೆ ಉತ್ತರವಿತ್ತ ಕ್ರಿಸಿಪ್ಪಸನು ಸ್ವತಃ ವಿಧಿಯನ್ನು ನಂಬಿದವನೆಂಬುದು ಸ್ವಾರಸ್ಯ. ಗುಣವಾಗುವುದು ವಿಧಿಯಾಗಿದ್ದರೆ ವೈದ್ಯನನ್ನು ಕರೆಯುವುದೂ ಅದರೊಡನೆಯೇ ವಿಧಿಯಾಗಿರಬಹುದು. “ಕರೆದರೂ ಬಿಟ್ಟರೂ” ಎಂಬುದನ್ನು ನಡುವೆ ತಂದು ತುರುಕಿದವನು ಸೋಮಾರಿಯೇ ಎಂದನವನು.